ಗುಳಿಗೆಗೆ ಎರಡು ಅಂಕಿ ಏಕೆ?

ಹೊಸದಾಗಿ ಮದುವೆಯಾಗಿ ಶಿರಸಿಯಲ್ಲಿದ್ದೇವೆ. ಗರ್ಭನಿರೋಧಕ ಗುಳಿಗೆ ಒಂದು ಕಡೆ ಶೇ. 99, ಇನ್ನೊಂದು ಕಡೆ ಶೇ. 93 ಪರಿಣಾಮಕಾರಿ ಎನ್ನುತ್ತಾರೆ. ಯಾವುದು ನಿಜ?

ಎರಡೂ ನಿಜ. ಮೊದಲನೆಯದು ಒಂದು ದಿನವೂ ತಪ್ಪದೆ ನುಂಗಿದವರದು, ಎರಡನೆಯದು ಮರೆವೂ ಸೇರಿದ ನಿತ್ಯದ ಬಳಕೆಯದು. ಅಮೆರಿಕದ ಅಂದಾಜಿನಂತೆ, ನಿತ್ಯದ ಬಳಕೆಯಲ್ಲಿ ಮೊದಲ ವರ್ಷ ನೂರರಲ್ಲಿ 7 ಮಂದಿ ಗುಳಿಗೆಯಿದ್ದೂ ಗರ್ಭ ಧರಿಸುತ್ತಾರೆ. ಕಾಂಡೋಮ್‌ನಲ್ಲಿ 13 (ತಪ್ಪಿಲ್ಲದಿದ್ದರೆ 2), ಸ್ಖಲನಕ್ಕೆ ಮುಂಚೆ ಹೊರತೆಗೆದರೆ 20 (ತಪ್ಪಿಲ್ಲದಿದ್ದರೆ 4).

ಹಬ್ಬಕ್ಕೆ ಕಾರವಾರದ ತವರಿಗೆ ಹೋದಾಗ ಗುಳಿಗೆಯ ಪಟ್ಟಿ ಶಿರಸಿಯಲ್ಲೇ ಉಳಿದು ಎರಡು ದಿನ ತಪ್ಪಿತು ಎನ್ನಿ. ಅಂಡ ಬಿಡುಗಡೆಯನ್ನು ತಡೆಯುವ ಹಾರ್ಮೋನ್ ಅಷ್ಟರಲ್ಲಿ ಇಳಿಯುತ್ತದೆ. ಎರಡು ಹಾರ್ಮೋನಿನ ದಿನದ ಗುಳಿಗೆಯಾದರೆ, ಕೊನೆಗೆ ತಪ್ಪಿದ ಒಂದನ್ನು ಕೂಡಲೇ ನುಂಗಿ, ಮುಂದಿನ ದಿನಗಳ ಗುಳಿಗೆಗಳನ್ನು ಎಂದಿನಂತೆ ಮುಂದುವರಿಸಿ, ಏಳು ದಿನ ಕಾಂಡೋಮ್ ಬಳಸಿ. ಪಟ್ಟಿಯ ಮೊದಲ ವಾರದಲ್ಲಿ ಹೀಗಾಗಿ, ಈಗಾಗಲೇ ಕೂಡಿದ್ದರೆ, ತಡಮಾಡದೆ ವೈದ್ಯರಲ್ಲಿ ತುರ್ತು ಗುಳಿಗೆಯ ಬಗ್ಗೆ ಕೇಳಿ.