ತೂಕದ ಚೀಟಿಯಿಂದ ಶುರು ಮಾಡಿ

*ಹಾಲನ್ನು ತಂಪು ಮಾಡಿ ಇಡುವ ನಮ್ಮ ಬಿಎಂಸಿ ಕೇಂದ್ರಕ್ಕೆ ಸುತ್ತಲಿನ ನಾಲ್ಕು ಹಳ್ಳಿಗಳಿಂದ ದಿನಕ್ಕೆ 3,000 ಲೀಟರ್ ಹಾಲು ಬರುತ್ತದೆ. ಆದರೂ ವರ್ಷದ ಕೊನೆಗೆ ಸಂಘದಲ್ಲಿ ಏನೂ ಉಳಿಯುವುದಿಲ್ಲ. ಒಕ್ಕೂಟದವರು ತಮಗೂ ನಷ್ಟ ಎನ್ನುತ್ತಾರೆ. ಟ್ಯಾಂಕರ್ ಬಾಡಿಗೆಯಲ್ಲೇ ಹಣ ಸೋರುತ್ತಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರ ವಾದ. ತರಬೇತಿಗೆ ಹೋದಾಗ ಮೌಲ್ಯ ಸರಪಳಿ ವಿಶ್ಲೇಷಣೆ ಮಾಡಿ ಎಂದರು. ಎಲ್ಲಿಂದ ಶುರು ಮಾಡಬೇಕು?*
*– ಹಾಲು ಉತ್ಪಾದಕರ ಸಂಘವೊಂದರ ನಿರ್ದೇಶಕರು*

ಮಾನ್ಯರೇ,

ಮೌಲ್ಯ ಸರಪಳಿ ವಿಶ್ಲೇಷಣೆ ಎಂದರೆ ರೈತನಿಂದ ಪ್ಯಾಕೆಟ್ಟಿನವರೆಗೆ ಪ್ರತಿ ಹಂತದಲ್ಲೂ ಬೆಲೆ ಎಲ್ಲಿ ಸೇರುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡುವುದು. ಟ್ಯಾಂಕರ್ ಬಾಡಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಲೀಟರಿಗೆ ಒಂದು ರೂಪಾಯಿ ಬಾಡಿಗೆ ಎಂದುಕೊಂಡರೂ, ಜಗಳವಾಡಿ ಶೇ 10 ಇಳಿಸಿದರೆ ಸಿಗುವುದು 10 ಪೈಸೆ. ಬಾಡಿಗೆ ಬಿಲ್ಲಿನಲ್ಲಿ ಕಾಣುತ್ತದೆ, ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. ಯಾವ ಬಿಲ್ಲಿನಲ್ಲೂ ಕಾಣದ ನಷ್ಟವನ್ನು ಮೊದಲು ಹುಡುಕಬೇಕು.

ನೀವು ಕೊಳ್ಳುವುದು ಲೀಟರುಗಳಲ್ಲಿ. ಆದರೆ ಬೆಲೆ ಇರುವುದು ಹಾಲಿನೊಳಗಿನ ಜಿಡ್ಡಿಗೆ ಮತ್ತು ಜಿಡ್ಡಲ್ಲದ ಘನಾಂಶಕ್ಕೆ, ಅಂದರೆ ಎಸ್‌ಎನ್‌ಎಫ್‌ಗೆ. ಆದ್ದರಿಂದ ಹಣದ ಲೆಕ್ಕಕ್ಕೆ ಮುಂಚೆ ಈ ಎರಡರ ಕೆಜಿ ಲೆಕ್ಕ ಮಾಡಿ. ಹಳ್ಳಿಯಲ್ಲಿ ಎಷ್ಟು ಕೆಜಿ ಜಿಡ್ಡಿಗೆ ಹಣ ಕೊಟ್ಟಿರಿ, ಡೇರಿಯಲ್ಲಿ ಟ್ಯಾಂಕರಿನ ಹಾಲು ಇಳಿಸುವ ಡಾಕ್‌ನಲ್ಲಿ ಎಷ್ಟು ಕೆಜಿ ಇಳಿಯಿತು?

ನಿಮ್ಮ 3,000 ಲೀಟರನ್ನೇ ತೆಗೆದುಕೊಳ್ಳೋಣ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ, ಹಾಗಾಗಿ ಒಟ್ಟು 3,090 ಕೆಜಿ. ಹಳ್ಳಿಯ ಹಾಲು ಪರೀಕ್ಷಾ ಯಂತ್ರಗಳ ಸರಾಸರಿ ಜಿಡ್ಡು ಶೇ 4.0, ಎಸ್‌ಎನ್‌ಎಫ್ ಶೇ 8.5 ಎಂದಿರಲಿ. ರೈತರಿಗೆ ನೀವು ಹಣ ಕೊಟ್ಟದ್ದು 123.6 ಕೆಜಿ ಜಿಡ್ಡಿಗೆ ಮತ್ತು 262.7 ಕೆಜಿ ಎಸ್‌ಎನ್‌ಎಫ್‌ಗೆ. ಡಾಕ್‌ನ ಚೀಟಿಯಲ್ಲಿ 3,075 ಕೆಜಿ ಹಾಲು, ಜಿಡ್ಡು 3.9, ಎಸ್‌ಎನ್‌ಎಫ್ 8.4 ಎಂದು ಬಂತೆನ್ನಿ. ಅಂಕಿಗಳನ್ನು ನೋಡಿದರೆ ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ ಗುಣಿಸಿ ನೋಡಿದರೆ ಡಾಕ್ ತಲುಪಿದ್ದು 119.9 ಕೆಜಿ ಜಿಡ್ಡು, 258.3 ಕೆಜಿ ಎಸ್‌ಎನ್‌ಎಫ್. ತಯಾರಿಕೆಯ ಖರ್ಚು ಕಳೆದು ಜಿಡ್ಡಿಗೆ ಕೆಜಿಗೆ 500 ರೂಪಾಯಿ, ಎಸ್‌ಎನ್‌ಎಫ್‌ಗೆ 200 ರೂಪಾಯಿ ಎಂದು ಹಿಡಿದರೆ, ಆ ಒಂದು ದಿನದ ಕೊರತೆ ಸುಮಾರು 2,700 ರೂಪಾಯಿ. ಲೀಟರಿಗೆ 90 ಪೈಸೆ, ತಿಂಗಳಿಗೆ 81,000. ಬೆಲೆಗಳು ನಾನು ಲೆಕ್ಕಕ್ಕೆಂದು ಹಿಡಿದವು. ನಿಮ್ಮ ಒಕ್ಕೂಟದ ದರಪಟ್ಟಿಯವನ್ನು ಹಾಕಿಕೊಳ್ಳಿ.

ಒಕ್ಕೂಟ ಡಾಕ್‌ನ ಪರೀಕ್ಷೆಯ ಮೇಲೆ ಹಣ ಕೊಡುವುದಾದರೆ ಈ 90 ಪೈಸೆ ಬೀಳುವುದು ಸಂಘಗಳ ತಲೆಯ ಮೇಲೆ. ಅದರಲ್ಲೂ ನಾಲ್ಕು ಹಳ್ಳಿಗಳ ಹಾಲು ಒಂದೇ ತೊಟ್ಟಿಗೆ ಬೀಳುವಾಗ ಕೊರತೆಯನ್ನು ಲೀಟರ್ ಲೆಕ್ಕದಲ್ಲಿ ಹಂಚಿಬಿಡುತ್ತಾರೆ. ಸರಿಯಾಗಿ ಅಳೆದ ಸಂಘವೂ ತಪ್ಪಾಗಿ ಅಳೆದ ಸಂಘದಷ್ಟೇ ದಂಡ ತೆರುತ್ತದೆ. ಈ ಅನ್ಯಾಯ ನನಗೆ ಎಂದೂ ಸಹನೆಯಾಗಿಲ್ಲ.

ಇನ್ನು ಸೋರಿದ್ದು ಎಲ್ಲಿ ಎಂಬ ಪ್ರಶ್ನೆ. ಇಲ್ಲಿ ಶೇಕಡಾವಾರು ನೋಡಿದರೆ ದಾರಿ ತಪ್ಪುತ್ತದೆ, ಕೆಜಿಯನ್ನೇ ನೋಡಬೇಕು. ತೊಟ್ಟಿಯಲ್ಲೋ ಪೈಪಿನಲ್ಲೋ ಉಳಿದ ತೊಳೆದ ನೀರು ಹಾಲಿಗೆ ಸೇರಿದ್ದರೆ ಜಿಡ್ಡು, ಎಸ್‌ಎನ್‌ಎಫ್ ಎರಡರ ಶೇಕಡಾವಾರೂ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ, ಆದರೆ ಹಾಲಿನ ತೂಕ ಏರುತ್ತದೆ, ಜಿಡ್ಡಿನ ಕೆಜಿ ಹಾಗೆಯೇ ಇರುತ್ತದೆ. ಯಾರೋ ಕೆನೆ ತೆಗೆದಿದ್ದರೆ ಜಿಡ್ಡು ಮಾತ್ರ ಇಳಿದು, ಎಸ್‌ಎನ್‌ಎಫ್ ಕೂದಲೆಳೆಯಷ್ಟು ಏರುತ್ತದೆ. ಮೇಲಿನ ಉದಾಹರಣೆಯಲ್ಲಿ ತೂಕವೂ ಇಳಿದಿದೆ, ಎರಡೂ ಅಂಶಗಳ ಕೆಜಿಯೂ ಇಳಿದಿದೆ. ಅಂದರೆ ಒಂದೋ ದಾರಿಯಲ್ಲಿ ಹಾಲು, ಕೆನೆ ಹೋಗಿ ನೀರು ಬಂದಿದೆ, ಇಲ್ಲವೇ ಹಳ್ಳಿಯ ಯಂತ್ರ ಹೆಚ್ಚು ತೋರಿಸುತ್ತಿದೆ.

ಇವೆರಡರಲ್ಲಿ ಯಾವುದೆಂದು ತಿಳಿಯಲು ಹೆಚ್ಚು ಖರ್ಚಿಲ್ಲ. ಯಾರಿಗೂ ಮುಂಚಿತವಾಗಿ ತಿಳಿಸದೆ ಒಂದು ದಿನ ಪ್ರತಿಯೊಬ್ಬ ರೈತನ ಹಾಲಿನಿಂದಲೂ, ಅವರು ಹಾಕಿದ ಅಳತೆಗೆ ತಕ್ಕಷ್ಟು, ಒಂದೇ ಬಾಟಲಿಗೆ ಮಾದರಿ ಕೂಡಿಸಿ. ಅದನ್ನು ಆಮ್ಲ ಹಾಕಿ ಜಿಡ್ಡನ್ನು ಬೇರ್ಪಡಿಸಿ ಅಳೆಯುವ ಗರ್ಬರ್ ವಿಧಾನದಲ್ಲಿ ಪರೀಕ್ಷೆ ಮಾಡಿಸಿ. ಬಾಟಲಿಯಲ್ಲೂ 3.9 ಬಂದರೆ ರಸ್ತೆಯಲ್ಲಿ ಕಳ್ಳರನ್ನು ಹುಡುಕಬೇಡಿ, ತಪ್ಪು ನಿಮ್ಮ ಯಂತ್ರದ್ದು. 4.0 ಬಂದರೆ ಟ್ಯಾಂಕರಿನ ಹಿಂದೆ ಹೊರಡಿ.

ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಹಳ್ಳಿಯಲ್ಲೇ ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಕೇಂದ್ರದಲ್ಲಿ ಬೆಳಗಿನ ಆರು ಗಂಟೆಗೆ ನಿಂತು ನೋಡಿದ್ದೆ. ಕ್ಯಾನಿನಲ್ಲಿ ಅರ್ಧ ಗಂಟೆ ನಿಂತ ಹಾಲನ್ನು ಕಲಕುವ ಕೋಲು ಗೋಡೆಗೆ ಒರಗಿತ್ತು, ಅದರ ತಟ್ಟೆಯ ಮೇಲೆ ಧೂಳು. ಪರೀಕ್ಷಕ ಹುಡುಗ ಕ್ಯಾನಿನ ಮೇಲ್ಭಾಗದಿಂದಲೇ ಮಾದರಿ ಎತ್ತುತ್ತಿದ್ದ. ಜಿಡ್ಡು ಮೇಲಕ್ಕೇ ತೇಲುವುದರಿಂದ ಅಂಕಿ ಏರುತ್ತಿತ್ತು. 3.85 ಬಂದರೆ ಅವನು 3.9 ಎಂದು ಬರೆಯುತ್ತಿದ್ದ. ಅವನಲ್ಲಿ ಮೋಸವಿರಲಿಲ್ಲ, ಸಾಲಿನಲ್ಲಿ ನಿಂತ ಅಕ್ಕಂದಿರ ಮೇಲೆ ಕರುಣೆಯಿತ್ತು. ಆ ಕರುಣೆಯ ಬೆಲೆಯನ್ನು ವರ್ಷದ ಕೊನೆಗೆ ಅದೇ ಅಕ್ಕಂದಿರ ಬೋನಸ್ಸಿನಿಂದ ಕಳೆದುಕೊಳ್ಳುತ್ತಿದ್ದರು. ಕೋಲಾಡಿಸಿ ಮಾದರಿ ತೆಗೆಯುವುದು, ಯಂತ್ರವನ್ನು ದಿನವೂ ತೊಳೆಯುವುದು, ವಾರಕ್ಕೊಮ್ಮೆ ಗರ್ಬರ್ ಜೊತೆ ಹೋಲಿಸುವುದು: ನಿಮ್ಮ ಹತೋಟಿಯಲ್ಲಿರುವ ಕೆಲಸಗಳು ಇವು.

ಒಕ್ಕೂಟದ ನಷ್ಟ ಬೇರೆ ಕಡೆ ಇದೆ. ಶೇ 4 ಜಿಡ್ಡಿನ ಹಾಲು ಬಂದರೆ, ಟೋನ್ಡ್ ಹಾಲಿಗೆ ಬೇಕಾದದ್ದು ಶೇ 3. ಲೀಟರಿಗೆ ಸುಮಾರು 10 ಗ್ರಾಂ ಜಿಡ್ಡು ಕೆನೆಯಾಗಿ ತುಪ್ಪದ ವಿಭಾಗಕ್ಕೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 5 ರೂಪಾಯಿ. ಕೆನೆಯನ್ನು ಪುಸ್ತಕದಲ್ಲಿ ಅಗ್ಗವಾಗಿ ವರ್ಗಾಯಿಸಿದರೆ ತುಪ್ಪ ಲಾಭದಲ್ಲಿಯೂ ಪ್ಯಾಕೆಟ್ ನಷ್ಟದಲ್ಲಿಯೂ ಇರುವಂತೆ ಕಾಣುತ್ತದೆ. ಎರಡೂ ಸುಳ್ಳು. ಯಾವ ವಿಭಾಗಕ್ಕೆ ಹೋದರೂ ಜಿಡ್ಡಿಗೆ ಒಂದೇ ಬೆಲೆ ಕಟ್ಟಿದ ಲೆಕ್ಕವನ್ನು ಕೇಳಿ.

ಹಾಲು ಡೇರಿಯ ಬಾಗಿಲು ತಲುಪಲು ಲೀಟರಿಗೆ 39 ರೂಪಾಯಿ ಬೀಳುತ್ತದೆ ಎನ್ನೋಣ. ಪ್ಯಾಕೆಟ್ಟಿನಿಂದ ಕಮಿಷನ್, ಫಿಲ್ಮ್, ವಿತರಣೆ ಕಳೆದು 39 ಉಳಿದು, ಕೆನೆಯ 5 ಸೇರಿದರೆ ಒಟ್ಟು 44. ಲೀಟರಿಗೆ 5 ರೂಪಾಯಿ ಉಳಿಕೆ. (ಕೆನೆ ತೆಗೆದಾಗ ಹಾಲು ತುಸು ಕಡಿಮೆಯಾಗುವುದನ್ನು ಇಲ್ಲಿ ಬಿಟ್ಟಿದ್ದೇನೆ.) ಅದೇ ಲೀಟರ್ ತುಪ್ಪ ಮತ್ತು ಹಾಲಿನ ಪುಡಿಯಾದರೆ ಸಿಗುವುದು ಸುಮಾರು 38, ಅಂದರೆ ಒಂದು ರೂಪಾಯಿ ನಷ್ಟ. ಪುಡಿಯ ಬೆಲೆ ಬಿದ್ದು ಎಸ್‌ಎನ್‌ಎಫ್ ಕೆಜಿಗೆ 150ಕ್ಕೆ ಇಳಿದರೆ ನಷ್ಟ 5 ರೂಪಾಯಿ ದಾಟುತ್ತದೆ. ಪುಡಿಗೆ ಹೋಗುವ ಹಾಲು ಶೇ 20 ಇದ್ದಾಗ ಸರಾಸರಿ 3.80 ರೂಪಾಯಿ ಉಳಿಯುತ್ತಿದ್ದ ಒಕ್ಕೂಟಕ್ಕೆ, ಅದು ಶೇ 40 ಆಗಿ ಬೆಲೆಯೂ ಬಿದ್ದ ತಿಂಗಳಲ್ಲಿ ಉಳಿಯುವುದು 90 ಪೈಸೆಗೂ ಕಡಿಮೆ. ಸಂಬಳ, ಬಡ್ಡಿ ಅದರಲ್ಲೇ ಆಗಬೇಕು.

2024ರ ಜೂನ್‌ನಲ್ಲಿ ದಿನದ ಶೇಖರಣೆ ಒಂದು ಕೋಟಿ ಲೀಟರಿನ ಮಟ್ಟ ಮುಟ್ಟಿದಾಗ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ತುಂಬಿ 2 ರೂಪಾಯಿ ಏರಿಸಿದ್ದು ನೆನಪಿರಬಹುದು. ಹೆಚ್ಚುವರಿ ಹಾಲು ಹಾಲಾಗಿಯೇ ಮಾರಾಟವಾಗುವುದು ಎಷ್ಟು ಮುಖ್ಯ ಎಂಬುದು ಮೇಲಿನ ಲೆಕ್ಕದ ಜೊತೆಗಿಟ್ಟು ನೋಡಿದರೆ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ: ಸರ್ಕಾರ ರೈತರಿಗೆ ಕೊಡುವ ಪ್ರೋತ್ಸಾಹಧನವನ್ನು ಈ ಲೆಕ್ಕದೊಳಗೆ ಸೇರಿಸಬೇಡಿ. ಅದು ಸಂಘದ ಗಳಿಕೆಯೂ ಅಲ್ಲ, ಖರ್ಚೂ ಅಲ್ಲ.

ಮುಂದಿನ ಸಭೆಗೆ ಎರಡೇ ಕಾಗದ ತನ್ನಿ: ಕಳೆದ 12 ತಿಂಗಳ ಹಳ್ಳಿ ಮತ್ತು ಡಾಕ್ ಕೆಜಿಗಳ ವ್ಯತ್ಯಾಸ, ಸಂಘವಾರು, ಮತ್ತು ಒಕ್ಕೂಟ ಪ್ರತಿ ತಿಂಗಳು ಪುಡಿಗೆ ಕಳಿಸಿದ ಲೀಟರುಗಳು. ಎರಡನೆಯದನ್ನು ಬರಹದಲ್ಲಿ ಕೇಳಿ. ಒಕ್ಕೂಟದ ಷೇರುದಾರ ನಿಮ್ಮ ಸಂಘವೇ, ಆದ್ದರಿಂದ ಕೇಳಲು ಸಂಕೋಚ ಬೇಡ.

– ಸಂಪಾದಕ