ಒಂಬತ್ತು ಮನೆಗಳ ಆದಾಯ: ಸರಾಸರಿಯೋ, ಮೀಡಿಯನ್ನೋ?

ನಾನು ಬಿ.ಕಾಂ ಮೊದಲ ವರ್ಷ. ಮನೆಗಳ ಆದಾಯದ ಡೇಟಾ ಒಂದು ಕಡೆ ವಾಲಿದ್ದರೆ ಮೀಡಿಯನ್ ತಗೋಬೇಕು ಅಂತಾರೆ. ಯಾಕೆ? ಸರಾಸರಿ ತಗೊಂಡ್ರೆ ತಪ್ಪಾ?

ತಪ್ಪಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ, ಅಷ್ಟೇ. ಒಂದು ಲೆಕ್ಕ ಮಾಡಿ ನೋಡೋಣ.

ಒಂಬತ್ತು ಮನೆಗಳ ತಿಂಗಳ ಆದಾಯ, ಸಾವಿರಗಳಲ್ಲಿ: 14, 16, 18, 20, 22, 25, 28, 32, 185.

ಕೂಡಿದರೆ 360. ಒಂಬತ್ತರಿಂದ ಭಾಗಿಸಿದರೆ ಸರಾಸರಿ 40. ಈಗ ಸಾಲನ್ನು ಮತ್ತೆ ನೋಡಿ. ಎಂಟು ಮನೆಗಳು 40ಕ್ಕಿಂತ ಕೆಳಗಿವೆ, ಒಂದೇ ಒಂದು ಮೇಲಿದೆ. 40ರ ಹತ್ತಿರ ಒಂದು ಮನೆಯೂ ಇಲ್ಲ! ಮೀಡಿಯನ್ ಎಂದರೆ ಸಾಲಿನ ನಟ್ಟನಡುವಿನ ಐದನೆಯ ಮನೆ, 22. ನಾಲ್ಕು ಮನೆ ಅದರ ಕೆಳಗೆ, ನಾಲ್ಕು ಮೇಲೆ. "ಇಲ್ಲಿ ಸಾಮಾನ್ಯ ಮನೆಯೊಂದರ ಆದಾಯ ಎಷ್ಟು?" ಎಂದು ಕೇಳಿದರೆ ನಾನು 22 ಅಂತಲೇ ಹೇಳುತ್ತೇನೆ.

ಕೊನೆಯ ಮನೆಯ ಆದಾಯ 185ರಿಂದ 365ಕ್ಕೆ ಏರಿತು ಎಂದುಕೊಳ್ಳಿ. ಸರಾಸರಿ 60ಕ್ಕೆ ಜಿಗಿಯುತ್ತದೆ. ಉಳಿದ ಎಂಟು ಮನೆಗಳಿಗೆ ಬಿಡಿಗಾಸೂ ಜಾಸ್ತಿ ಬಂದಿಲ್ಲ. ಮೀಡಿಯನ್ ಮಾತ್ರ ಕದಲುವುದಿಲ್ಲ, ಯಾಕೆಂದರೆ ಅದು ನೋಡುವುದು ಸಾಲಿನಲ್ಲಿ ಯಾರು ಎಷ್ಟನೆಯವರು ಎಂಬುದನ್ನು, ಮೊತ್ತವನ್ನಲ್ಲ. ಆದಾಯಕ್ಕೆ ಕೆಳಗೆ ಸೊನ್ನೆಯ ಹತ್ತಿರ ಒಂದು ತಡೆ ಇರುತ್ತದೆ, ಮೇಲೆ ಮಿತಿಯೇ ಇಲ್ಲ. ಅದಕ್ಕೇ ಆದಾಯದ ಗ್ರಾಫ್‌ನ ಬಾಲ ಸಾಮಾನ್ಯವಾಗಿ ಬಲಕ್ಕೆ ಉದ್ದವಾಗಿ, ಸರಾಸರಿ ಮೀಡಿಯನ್‌ಗಿಂತ ಮೇಲೆ ಹೋಗುತ್ತದೆ.

ಹಾಗಂತ ಸರಾಸರಿಯನ್ನು ಎಸೆಯಬೇಡಿ. ಒಂಬತ್ತೂ ಮನೆಗಳ ಒಟ್ಟು ಆದಾಯ ಬೇಕು, ಅದರ ಮೇಲೆ ತೆರಿಗೆ ಎಷ್ಟು ಬರಬಹುದು ಅಂತ ಅಂದಾಜು ಮಾಡಬೇಕು ಎಂದರೆ 40 × 9 = 360 ಸರಿಯಾಗಿ ಕೂಡುತ್ತದೆ. 22 × 9 ಮಾಡಿದರೆ 198, ಸುಮಾರು ಅರ್ಧ ದುಡ್ಡೇ ಕಾಣೆ!

ಹುಡುಗರು ಎಡವುವ ಜಾಗ ಇನ್ನೊಂದಿದೆ. 185 ಕಂಡ ಕೂಡಲೇ ಸುಮ್ನೆ ಅಳಿಸಿಬಿಡುತ್ತಾರೆ. ಮೊದಲು ಮೂಲ ಫಾರಂ ನೋಡಿ. 18.5 ಬರೆಯುವಾಗ ಚುಕ್ಕೆ ಬಿಟ್ಟುಹೋಗಿದ್ದರೆ ತಿದ್ದಿ. ಆಗ ಸರಾಸರಿ 21.5, ಮೀಡಿಯನ್ 20. ವಾಲಿಕೆಯೇ ಹೆಚ್ಚುಕಡಿಮೆ ಮಾಯ. ನಿಜವಾದ ಆದಾಯವೇ ಆಗಿದ್ದರೆ ಅದು ಅಲ್ಲೇ ಇರಲಿ.

ಪರೀಕ್ಷೆಯಲ್ಲಿ ಟೇಬಲ್‌ನ ಕೊನೆಯ ಕ್ಲಾಸ್ "100 ಮತ್ತು ಮೇಲೆ" ಅಂತ ತೆರೆದಿದ್ದರೆ ಆ ಕ್ಲಾಸ್‌ಗೆ ಮಧ್ಯಬಿಂದುವೇ ಸಿಗುವುದಿಲ್ಲ, ಅಲ್ವಾ? ಸರಾಸರಿ ಬೇಕೆಂದರೆ ಏನಾದರೂ ಊಹಿಸಲೇಬೇಕು. ಮೀಡಿಯನ್‌ಗೆ ಆ ತೊಂದರೆ ಇಲ್ಲ. ಸಂಚಿತ ಆವೃತ್ತಿ N/2 ದಾಟುವ ಕ್ಲಾಸ್ ಆ ಕೊನೆಯದೇ ಆಗಿರದಿದ್ದರೆ ಸಾಕು.

ನಾನಾದರೆ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಬರೆಯುತ್ತಿದ್ದೆ. 40 ಮತ್ತು 22 ಒಟ್ಟಿಗೆ ಕಂಡರೆ, ಡೇಟಾ ಯಾವ ಕಡೆ ವಾಲಿದೆ ಎಂದು ಗ್ರಾಫ್ ಇಲ್ಲದೆಯೂ ಓದುವವರಿಗೆ ಗೊತ್ತಾಗುತ್ತದೆ.