a < b ಇದ್ದರೆ b ಕನಿಷ್ಠ a + 1: ಪೂರ್ಣಾಂಕಗಳ ಅಂತರದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: 1 < a < b < c ಆಗಿರುವ ಪೂರ್ಣಾಂಕಗಳು. (a − 1)(b − 1)(c − 1) ಎಂಬುದು abc − 1 ಅನ್ನು ಶೇಷವಿಲ್ಲದೆ ಭಾಗಿಸಬೇಕು. c ಅನ್ನು 20ರವರೆಗೆ ಹಾಕಿ ನೋಡಿದೆ. (2, 4, 8) ಮತ್ತು (3, 5, 15) ಸಿಕ್ಕವು. ಇಷ್ಟೇ ಎಂದು ಬರೆದರೆ ಸಾಲದೇ?

ಸಾಲದು. 20ರವರೆಗೆ ನೋಡಿದವರಿಗೆ 21ರಲ್ಲಿ ಏನಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. "ಸಣ್ಣ ಸಂಖ್ಯೆ ಹಾಕಿ ನೋಡಿ, ಸಿಕ್ಕಿದ್ದನ್ನು ಬರೆದು ಮುಂದೆ ಹೋಗಿ" ಎಂದು ಹೇಳಿಕೊಡುವ ಶಾರ್ಟ್‌ಕಟ್ ಕ್ಲಾಸುಗಳಿಂದ ಮಕ್ಕಳಿಗೆ ಆಗುತ್ತಿರುವ ನಷ್ಟ ದೊಡ್ಡದು. ಇದು 1992ರಲ್ಲಿ ಮಾಸ್ಕೋದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಮೊದಲ ಪ್ರಶ್ನೆ. ಇದರಲ್ಲಿ ಉತ್ತರ ಹುಡುಕುವುದು ಸುಲಭದ ಭಾಗ. ಬೇರೆ ಉತ್ತರ ಇಲ್ಲ ಎಂದು ತೋರಿಸುವುದೇ ಕೆಲಸ.

ಭಾಗಲಬ್ಧವನ್ನು k ಎನ್ನಿ. ಅಂಶದಲ್ಲಿ abc − 1 ಇದೆ, ಅದು abcಗಿಂತ ಕಡಿಮೆ. ಹಾಗಾಗಿ

```
k < a/(a−1) · b/(b−1) · c/(c−1)
```

ಇಲ್ಲಿ x/(x − 1) ಎಂದರೆ 1 + 1/(x − 1). x ದೊಡ್ಡದಾದಷ್ಟೂ ಇದು ಚಿಕ್ಕದಾಗುತ್ತದೆ. ಆದ್ದರಿಂದ a, b, cಗಳ ಕನಿಷ್ಠ ಬೆಲೆ ಹಾಕಿದರೆ kಗೆ ಮೇಲ್ಮಿತಿ ಸಿಗುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ಮೂರೂ 1ಕ್ಕಿಂತ ದೊಡ್ಡವು ಎಂದು ಎಲ್ಲಕ್ಕೂ 2 ಹಾಕಿ, k < 8 ಎಂದು ಬರೆದು, ಏಳು ಬೆಲೆಗಳನ್ನು ಎದುರಿಗಿಟ್ಟುಕೊಂಡು ಕೂರುತ್ತಾರೆ. a < b < c ಎಂಬ ಷರತ್ತನ್ನು ಅವರು ಬಳಸಿಯೇ ಇಲ್ಲ. ಇವು ಪೂರ್ಣಾಂಕಗಳು. a ≥ 2 ಆದರೆ b ≥ 3, c ≥ 4. ಆಗ 2 · 3/2 · 4/3ರಲ್ಲಿ ಒಂದರ ಅಂಶ ಮುಂದಿನದರ ಛೇದದೊಂದಿಗೆ ಹೊಡೆದುಹೋಗಿ 4 ಮಾತ್ರ ಉಳಿಯುತ್ತದೆ. k < 4, kಯೂ ಪೂರ್ಣಾಂಕ, ಆದ್ದರಿಂದ k ≤ 3.

k = 1 ಆಗುವುದಿಲ್ಲ. (a − 1)(b − 1)(c − 1) ಎಂಬುದು (a − 1)bcಗಿಂತ, ಅಂದರೆ abc − bcಗಿಂತ ಕಡಿಮೆ. bc ಒಂದಕ್ಕಿಂತ ದೊಡ್ಡದು, ಹಾಗಾಗಿ ಅದು abc − 1ಕ್ಕಿಂತಲೂ ಕಡಿಮೆ. ಉಳಿದದ್ದು k = 2 ಅಥವಾ 3.

ಈಗ aಯನ್ನು ಕಟ್ಟಿಹಾಕಬೇಕು. a ≥ 4 ಎಂದುಕೊಳ್ಳಿ. ಆಗ b ≥ 5, c ≥ 6. ಮೇಲ್ಮಿತಿ 4/3 · 5/4 · 6/5 = 2, ಅಂದರೆ k < 2. k ಕನಿಷ್ಠ 2 ಎಂದು ಈಗಷ್ಟೇ ಕಂಡಿದ್ದೇವೆ, ಹಾಗಾಗಿ ಇದು ಅಸಾಧ್ಯ. ಈ ಜಾಗದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು, ಅಂತರ ಬಳಸದೆ ಮೂರಕ್ಕೂ 4 ಹಾಕುವುದು. ಆಗ ಸಿಗುವುದು 64/27, ಅದು 2ಕ್ಕಿಂತ ಹೆಚ್ಚು. k = 2 ಹೋಗುವುದಿಲ್ಲ, a = 4 ಎಂಬ ಪ್ರಕರಣ ಪೂರ್ತಿ ತಲೆಯ ಮೇಲೆ ಬರುತ್ತದೆ. ಎರಡನೆಯದು, ಆರಂಭದಲ್ಲೇ ಅಸಡ್ಡೆಯಿಂದ < ಇರುವಲ್ಲಿ ≤ ಬರೆಯುವುದು. ಆಗ ಕೊನೆಗೆ k ≤ 2 ಎಂದಷ್ಟೇ ಬರುತ್ತದೆ, ವಿರೋಧ ಹುಟ್ಟುವುದೇ ಇಲ್ಲ. (4, 5, 6) ಅನ್ನು ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ (119 ಅನ್ನು 60 ಭಾಗಿಸುವುದಿಲ್ಲ). ಆ < ಬಂದದ್ದು abc − 1ರಲ್ಲಿರುವ ಒಂದರಿಂದ. ಅದನ್ನು ಕೊನೆಯವರೆಗೆ ಕಾಪಾಡಿಕೊಳ್ಳಿ.

ಹಾಗಾದರೆ a = 2 ಅಥವಾ 3.

a = 2, k = 2 ಆದರೆ 2bc − 1 = 2(b − 1)(c − 1): ಎಡಕ್ಕೆ ಬೆಸ, ಬಲಕ್ಕೆ ಸಮ. ಆಗದು. k = 3 ಆದರೆ 2bc − 1 = 3(b − 1)(c − 1). ಬಿಡಿಸಿದರೆ bc − 3b − 3c + 4 = 0; ಎರಡೂ ಕಡೆ 5 ಕೂಡಿಸಿದರೆ (b − 3)(c − 3) = 5. b ಕನಿಷ್ಠ 3 ಆದ್ದರಿಂದ b − 3 ಋಣವಾಗುವುದಿಲ್ಲ. ಗುಣಲಬ್ಧ 5 ಇರುವಾಗ ಸೊನ್ನೆಯೂ ಅಲ್ಲ. ಉಳಿದದ್ದು 1 × 5 ಮಾತ್ರ: b = 4, c = 8.

a = 3 ಆದರೆ b ≥ 4, c ≥ 5; ಮೇಲ್ಮಿತಿ 3/2 · 4/3 · 5/4 = 5/2. k = 2 ಒಂದೇ ಉಳಿಯಿತು. 3bc − 1 = 4(b − 1)(c − 1) ಎಂಬುದು (b − 4)(c − 4) = 11 ಆಗುತ್ತದೆ. ಇಲ್ಲೂ b ≥ 4 ಇರುವುದರಿಂದ (−1)(−11) ಬರುವ ದಾರಿಯೇ ಇಲ್ಲ; b = 5, c = 15. ಋಣ ಅಪವರ್ತನಗಳನ್ನು ಏಕೆ ಬಿಟ್ಟಿರಿ ಎಂದು ಬರೆಯದೆ ಉತ್ತರಕ್ಕೆ ಹಾರುವವರು ಅಂಕ ಕಳೆದುಕೊಳ್ಳುವುದು ನ್ಯಾಯವೇ.

ನಿಮಗೆ ಸಿಕ್ಕ ಎರಡು ತ್ರಿವಳಿಗಳು ಸರಿ. ತಾಳೆ ನೋಡಿ: 63 ÷ 21 = 3, 224 ÷ 112 = 2. ಇನ್ನು ಮುಂದೆ ಯಾವುದೂ ಇಲ್ಲ ಎಂದು ಈಗ ಹೇಳಬಹುದು.

ಪ್ರಶ್ನೆ: ಈ ಅಂತರ ಯಾವಾಗಲೂ ಒಂದೇನಾ?

ಅಲ್ಲ, ಸಂಖ್ಯೆಗಳ ಬಗ್ಗೆ ಇನ್ನೇನು ಗೊತ್ತಿದೆ ಎಂಬುದರ ಮೇಲೆ ಅದು ಹಿಗ್ಗುತ್ತದೆ. ಎರಡೂ ಬೆಸ ಎಂದು ಗೊತ್ತಾದರೆ ಅಂತರ ಕನಿಷ್ಠ 2. ಎರಡೂ 7ರ ಗುಣಕಗಳಾದರೆ ಕನಿಷ್ಠ 7. ವರ್ಗಗಳಲ್ಲಂತೂ ಅಂತರ ಬೆಳೆಯುತ್ತಲೇ ಹೋಗುತ್ತದೆ: m, n ಧನ ಪೂರ್ಣಾಂಕಗಳಾಗಿ n < m ಆದರೆ m² ಕನಿಷ್ಠ n² + 2n + 1. n² + n + 1 ಪೂರ್ಣ ವರ್ಗವೇ ಎಂದು ಕೇಳಿದರೆ, ಧನ n ಯಾವುದಿದ್ದರೂ ಅದು n² ಮತ್ತು (n + 1)² ನಡುವೆ ಸಿಕ್ಕಿಬೀಳುತ್ತದೆ, ಹಾಗಾಗಿ ಅಲ್ಲ. "ಧನ" ಎಂಬ ಪದವನ್ನು ಮಾತ್ರ ನುಂಗಬೇಡಿ. n = 0 ಮತ್ತು n = −1 ಹಾಕಿದರೆ 1 ಬರುತ್ತದೆ, ಅದು ಪೂರ್ಣ ವರ್ಗ.

ಪ್ರಶ್ನೆ: ಭಿನ್ನರಾಶಿಗಳಿಗೂ "ಕನಿಷ್ಠ ಒಂದು ಹೆಚ್ಚು" ಎನ್ನಬಹುದೇ?

ಇಲ್ಲ. ಛೇದಗಳು ಧನವಾಗಿರುವಾಗ p/q < r/s ಇದ್ದರೆ ಮೊದಲು ಛೇದ ತೆಗೆಯಿರಿ: rq − ps ≥ 1, ಆದ್ದರಿಂದ ಅಂತರ ಕನಿಷ್ಠ 1/(qs).

ಪ್ರಶ್ನೆ: x² − 2y² = 1ಕ್ಕೆ ಎಷ್ಟು ಪ್ರಯತ್ನಿಸಿದರೂ ಮೇಲ್ಮಿತಿ ಸಿಗುತ್ತಿಲ್ಲ. ಯಾವ ಅಂತರ ಹಿಡಿಯಲಿ?

ಯಾವುದನ್ನೂ ಹಿಡಿಯಬೇಡಿ, ಮೇಲ್ಮಿತಿ ಇಲ್ಲವೇ ಇಲ್ಲ. (3, 2), (17, 12), (99, 70) ಹೀಗೆ ಪರಿಹಾರಗಳು ಮುಗಿಯದೆ ಬರುತ್ತವೆ. ವರ್ಗಗಳ ನಡುವಿನ ಅಂತರ ಕೆಲಸ ಮಾಡುವುದು ಎರಡು ಬದಿಯಲ್ಲೂ ಪೂರ್ಣ ವರ್ಗ ನಿಂತಾಗ. ಇಲ್ಲಿ 2y² ಪೂರ್ಣ ವರ್ಗವಲ್ಲ, ಆದ್ದರಿಂದ x² ಅದರ ಪಕ್ಕದಲ್ಲೇ ಕೂತರೂ ಯಾವ ವಿರೋಧವೂ ಹುಟ್ಟುವುದಿಲ್ಲ. 2ರ ಬದಲು 4 ಇದ್ದಿದ್ದರೆ ಕಥೆ ಬೇರೆ: x² − (2y)² = 1 ಆಗಿ, ಧನ yಗೆ x ಕನಿಷ್ಠ 2y + 1, ಅಂತರ ಕನಿಷ್ಠ 4y + 1. ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು.